ಡಯಲ್‌ನಲ್ಲಿ ಲಾಹೋರ್ ಇದ್ದರೆ ರೇಡಿಯೋ 1947ಕ್ಕಿಂತ ಹಳೆಯದಾ? ಮೂಡಿಗೆರೆಯ ಒಂದು ಪ್ರಕರಣ

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಮನೆ. ಈಗ ಅದರ ಅರ್ಧ ಭಾಗ ಹೋಂಸ್ಟೇ ಆಗಿದೆ. ಹಜಾರದ ಮೂಲೆಯಲ್ಲಿ ಮರದ ಪೆಟ್ಟಿಗೆಯ ಒಂದು ವಾಲ್ವ್ ರೇಡಿಯೋ ಇಟ್ಟಿದ್ದಾರೆ. ಪಕ್ಕದಲ್ಲೊಂದು ಪುಟ್ಟ ಬೋರ್ಡ್: ‘ಬ್ರಿಟಿಷರ ಕಾಲದ ರೇಡಿಯೋ, 1938’. ಒಂದು ವಾರಾಂತ್ಯ ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಅದನ್ನು ನೋಡಿ, ಇದು ಅಷ್ಟು ಹಳೆಯದಲ್ಲ, ಅರವತ್ತರ ದಶಕದ್ದು ಅಂದುಬಿಟ್ಟರಂತೆ. ಮನೆಯ ಹುಡುಗನಿಗೆ ಕಸಿವಿಸಿ. ಬೋರ್ಡ್ ಬರೆಸಿದವರು ಅವನ ದೊಡ್ಡಪ್ಪ. ಅವರನ್ನು ಕೇಳಿದರೆ ಸಿಟ್ಟಾಗುತ್ತಾರೆ. ಹಾಗಾಗಿ ಫೋಟೊ ತೆಗೆದು ಹಾಸನದಲ್ಲಿರುವ ನನಗೆ ಕಳಿಸಿದ. ಹಳೇ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ನನಗಿದೆ ಅಂತ ಯಾರೋ ಹೇಳಿದ್ದರಂತೆ.

“ಸಾರ್, ಕಂಪನಿ ಹೆಸರು ಎಲ್ಲೂ ಇಲ್ಲ. ಫೋಟೊ ನೋಡಿ ವರ್ಷ ಹೇಳಕ್ಕಾಗುತ್ತಾ?” ಅಂತ ಕೇಳಿದ.

ಇಂಥದ್ದೇ ವರ್ಷ ಅಂತ ಹೇಳುವುದು ಕಷ್ಟ. ಆದರೆ ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಾಗಿರಲಿಕ್ಕಿಲ್ಲ ಅಂತ ಎರಡು ಗೆರೆ ಎಳೆಯಬಹುದು. ಈ ರೇಡಿಯೋದಲ್ಲಿ ಆ ಎರಡು ಗೆರೆಗಳೂ ಚೆನ್ನಾಗಿ ಸಿಕ್ಕವು. ದೊಡ್ಡಪ್ಪನ ಲೆಕ್ಕವೂ ತಪ್ಪು, ಅತಿಥಿಯ ಲೆಕ್ಕವೂ ತಪ್ಪು ಅಂತ ಗೊತ್ತಾಯಿತು. ಇಬ್ಬರೂ ಒಂದೊಂದು ಕಾರಣ ಇಟ್ಟುಕೊಂಡೇ ಮಾತಾಡಿದ್ದರು. ಆ ಕಾರಣಗಳು ಯಾಕೆ ನಿಲ್ಲಲಿಲ್ಲ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಫೋಟೊ ಸರಿ ಮಾಡಿಸಿದ್ದು

ಮೊದಲು ಬಂದ ಫೋಟೊಗಳಿಂದ ಏನೂ ಪ್ರಯೋಜನ ಇರಲಿಲ್ಲ. ಡಯಲ್ ಗಾಜಿನ ಮೇಲೆ ಫ್ಲ್ಯಾಶ್ ಬಿದ್ದು ನಡುವೆ ಬೆಳ್ಳಗೆ ಒಂದು ಗುಂಡು. ಅದರ ಸುತ್ತ ಹುಡುಗನದೇ ಪ್ರತಿಬಿಂಬ. ಓದಬೇಕಾದ ಹೆಸರುಗಳೆಲ್ಲ ಆ ಬೆಳಕಿನಡಿ ಮುಚ್ಚಿಹೋಗಿದ್ದವು.

ಗಾಜಿನ ಡಯಲ್ ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಬೇಕು. ಫೋನನ್ನು ನೇರವಾಗಿ ಎದುರಿಗೆ ಹಿಡಿಯದೆ ಸ್ವಲ್ಪ ಮೇಲಿಂದ ಓರೆಯಾಗಿ ಹಿಡಿಯಬೇಕು. ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಬಿಟ್ಟರೆ ಅಕ್ಷರಗಳು ಎದ್ದು ಕಾಣುತ್ತವೆ. ತೆಗೆಯುವವರ ಹಿಂದೆ ಕಪ್ಪು ಕಂಬಳಿಯೋ ಛತ್ರಿಯೋ ಇದ್ದರೆ ಪ್ರತಿಬಿಂಬ ಬರುವುದಿಲ್ಲ. ಇಡೀ ಡಯಲ್ಲನ್ನು ಒಂದೇ ಫೋಟೊದಲ್ಲಿ ಹಿಡಿಯುವ ಬದಲು ಎಡ ಅರ್ಧ, ಬಲ ಅರ್ಧ ಅಂತ ಬೇರೆ ಬೇರೆ ತೆಗೆಯಲು ಹೇಳಿದೆ. ಗಾಜಿನ ಕೆಳಅಂಚನ್ನು ಇನ್ನೂ ಹತ್ತಿರದಿಂದ ಬೇಕು ಅಂದೆ. ಗಾಜು ಅಚ್ಚು ಹಾಕಿದವರ ಸಣ್ಣ ಸಂಕೇತ ಸಂಖ್ಯೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಎರಡು ಎಚ್ಚರಿಕೆಯನ್ನೂ ಹೇಳಿದೆ. ಒಂದು, ಗಾಜಿನ ಹಿಂಬದಿಯನ್ನು ಯಾವ ಕಾರಣಕ್ಕೂ ಒರೆಸಬಾರದು. ಊರುಗಳ ಹೆಸರು ಅಚ್ಚಾಗಿರುವುದು ಹಿಂಬದಿಯಲ್ಲಿ. ಆ ಬಣ್ಣ ಹಳತಾಗಿ ಪುಡಿ ಪುಡಿಯಾಗಿರುತ್ತದೆ. ಒದ್ದೆ ಬಟ್ಟೆ ತಾಗಿದರೆ ಹೆಸರುಗಳು ಬಟ್ಟೆಗೆ ಅಂಟಿಕೊಂಡು ಬರುತ್ತವೆ. ಆಮೇಲೆ ಓದಲಿಕ್ಕೆ ಬರೀ ಗಾಜು ಉಳಿಯುತ್ತದೆ. ಇನ್ನೊಂದು, ಹಾಡುತ್ತದಾ ನೋಡೋಣ ಅಂತ ಪ್ಲಗ್ ಹಾಕಬಾರದು. ಒಳಗಿನ ಹಳೇ ಕೆಪಾಸಿಟರ್‌ಗಳು ಹಾಳಾಗಿರುತ್ತವೆ. ಕರೆಂಟ್ ಕೊಟ್ಟ ಕೂಡಲೇ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯ ಇದೆ. ವರ್ಷ ತಿಳಿಯಲು ಅದು ಹಾಡಬೇಕಾಗಿಯೂ ಇಲ್ಲ.

ಆಮೇಲೆ ಒಳ್ಳೆಯ ಫೋಟೊಗಳು ಬಂದವು. ಜೊತೆಗೆ ದೊಡ್ಡಪ್ಪನ ವಾದವನ್ನೂ ಹುಡುಗ ಬರೆದು ಕಳಿಸಿದ. ಡಯಲ್‌ನಲ್ಲಿ ಲಾಹೋರ್, ಢಾಕಾ ಇವೆ, ಹಾಗಾಗಿ ದೇಶ ಭಾಗವಾಗುವ ಮೊದಲಿನದು. ಮೈಸೂರು ಇದೆ, ಮೈಸೂರು ಆಕಾಶವಾಣಿ ಶುರುವಾದದ್ದು 1935ರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಗಾಂಧೀಜಿ ತೀರಿಕೊಂಡ ಸುದ್ದಿಯನ್ನು ದೊಡ್ಡಮ್ಮ ಚಿಕ್ಕ ಹುಡುಗಿಯಾಗಿದ್ದಾಗ ರೇಡಿಯೋದಲ್ಲೇ ಕೇಳಿದ್ದಾರೆ. ಅದು 1948ರ ಜನವರಿ. ಆದ್ದರಿಂದ ರೇಡಿಯೋ ಅದಕ್ಕೂ ಹಳೆಯದು.

ಡಯಲ್ ಹೇಳಿದ್ದು

ಡಯಲ್ ಉದ್ದನೆಯದು. ಪೆಟ್ಟಿಗೆಯ ಅಗಲಕ್ಕೂ ಹಬ್ಬಿದೆ. ಮೇಲಿನ ಸಾಲು ಮೀಡಿಯಂ ವೇವ್, ಅದರಲ್ಲಿ ಮೀಟರ್ ಮತ್ತು ಕಿಲೋಸೈಕಲ್ ಎರಡೂ ಲೆಕ್ಕ. ಕೆಳಗಿನ ಸಾಲುಗಳು ಶಾರ್ಟ್ ವೇವ್. ಲಾಂಗ್ ವೇವ್ ಇಲ್ಲ. ಇಂಗ್ಲೆಂಡ್, ಯುರೋಪಿನ ಮನೆಗಳಿಗೆ ಮಾಡಿದ ರೇಡಿಯೋಗಳಲ್ಲಿ ಲಾಂಗ್ ವೇವ್ ಸಾಮಾನ್ಯವಾಗಿ ಇರುತ್ತದೆ, ಯಾಕೆಂದರೆ ಅಲ್ಲಿ ದೊಡ್ಡ ನಿಲ್ದಾಣಗಳು ಆ ಬ್ಯಾಂಡಿನಲ್ಲಿದ್ದವು. ನಮ್ಮಲ್ಲಿ ಅದರ ಉಪಯೋಗ ಇರಲಿಲ್ಲ. ಹಾಗಾಗಿ ಇದು ಯಾರೋ ದೊರೆ ಹಡಗಿನಲ್ಲಿ ತಂದ ಮನೆಬಳಕೆಯ ರೇಡಿಯೋ ಅಲ್ಲ, ಭಾರತದ ಮಾರುಕಟ್ಟೆಗೆಂದೇ ಡಯಲ್ ಹಾಕಿಸಿದ್ದು. ಹೆಸರುಗಳೂ ಅದನ್ನೇ ಹೇಳುತ್ತವೆ.

ಹೆಸರುಗಳನ್ನು ಓದುವ ಮೊದಲು ಒಂದು ಅನುಮಾನ ಪರಿಹಾರ ಆಗಬೇಕಿತ್ತು. ಗಾಜು ಈ ರೇಡಿಯೋದ್ದೇನಾ? ಒಡೆದ ಗಾಜಿಗೆ ಬದಲಾಗಿ ಬೇರೆ ಮಾಡೆಲ್‌ನ ಗಾಜನ್ನು ಕತ್ತರಿಸಿ ಕೂರಿಸಿದ ರೇಡಿಯೋಗಳನ್ನು ನಾನು ನೋಡಿದ್ದೇನೆ. ಅದನ್ನು ಪತ್ತೆ ಮಾಡುವುದು ಸುಲಭ. ಟ್ಯೂನಿಂಗ್ ನಾಬ್ ಮೆಲ್ಲಗೆ ತಿರುಗಿಸಿ ಮುಳ್ಳನ್ನು ಎಡತುದಿಗೆ ತಂದು ಒಂದು ಫೋಟೊ, ಬಲತುದಿಗೆ ತಂದು ಇನ್ನೊಂದು ಫೋಟೊ. ಇದಕ್ಕೆ ಕರೆಂಟ್ ಬೇಡ. ಮುಳ್ಳು ಎಲ್ಲಿಂದ ಎಲ್ಲಿಗೆ ಓಡುತ್ತದೋ ಗಾಜಿನ ಮೇಲಿನ ಅಳತೆಗೆರೆಯೂ ಸರಿಸುಮಾರು ಅಲ್ಲಿಂದಲ್ಲಿಗೇ ಇರಬೇಕು. ಗೆರೆ ಮುಗಿದ ಮೇಲೂ ಮುಳ್ಳು ಎರಡು ಬೆರಳು ಮುಂದೆ ಹೋದರೆ ಗಾಜು ಬೇರೆಯದು. ಇಲ್ಲಿ ಡಯಲ್ ದಾರ ಬಿಗಿಯಾಗಿ ಸ್ವಲ್ಪ ತೊಂದರೆ ಕೊಟ್ಟರೂ ಮುಳ್ಳು ಎರಡೂ ತುದಿ ಮುಟ್ಟಿತು. ಗೆರೆಗೂ ಮುಳ್ಳಿಗೂ ಹೊಂದಿಕೆ ಇತ್ತು. ಗಾಜು ಮೂಲದ್ದೇ.

ಈಗ ಲಾಹೋರ್ ವಿಷಯ. ಹಳೇ ರೇಡಿಯೋ ಮಾರುವವರೂ ಇದೇ ಮಾತು ಹೇಳುತ್ತಾರೆ: ‘ಲಾಹೋರ್ ಇದೆ ಸಾರ್, ಪಾರ್ಟಿಷನ್‌ಗೆ ಮೊದಲಿನದು’. ಸ್ವಲ್ಪ ಯೋಚಿಸಿ ನೋಡಿ. ದೇಶ ಎರಡಾದ ಮಾತ್ರಕ್ಕೆ ಲಾಹೋರ್ ನಿಲ್ದಾಣ ಮುಚ್ಚಲಿಲ್ಲ. ಅದು ಪ್ರಸಾರ ಮಾಡುತ್ತಲೇ ಇತ್ತು. ಗಡಿಯ ಈಚೆಗೆ ರಾತ್ರಿ ಹೊತ್ತು ಕೇಳುವವರೂ ಇದ್ದರು. ಡಯಲ್ ಮೇಲೆ ಕಂಪನಿ ಹಾಕುವುದು ಗಿರಾಕಿ ಹುಡುಕುವ ನಿಲ್ದಾಣಗಳನ್ನು. ಲಂಡನ್, ಮಾಸ್ಕೋ ಇದ್ದ ಹಾಗೆ ಲಾಹೋರ್, ಢಾಕಾ ಕೂಡ ಇದ್ದವು. ಲಾಹೋರ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಶುರುವಾದದ್ದು 1937ರಲ್ಲಿ, ಢಾಕಾದಲ್ಲಿ 1939ರಲ್ಲಿ. ಹಾಗಾಗಿ ಈ ಎರಡು ಹೆಸರು ಹೇಳುವುದು ಇಷ್ಟೇ: ಈ ಗಾಜು 1939ಕ್ಕಿಂತ ಹಿಂದಿನದಲ್ಲ. ಬೋರ್ಡ್ ಮೇಲಿನ 1938 ಇಲ್ಲೇ ಬಿದ್ದುಹೋಯಿತು. ದೊಡ್ಡಪ್ಪ ಸಾಕ್ಷಿಗೆ ಕರೆದ ಢಾಕಾವೇ ಅವರ ವಿರುದ್ಧ ಸಾಕ್ಷಿ ಹೇಳಿತು.

ಅವರು ಗಮನಿಸದ ಹೆಸರೊಂದು ಅದರ ಪಕ್ಕದಲ್ಲೇ ಇತ್ತು. ಕರಾಚಿ. ಭಾಗವಾದಾಗ ಪಾಕಿಸ್ತಾನದ ಪಾಲಿಗೆ ಹೋದ ನಿಲ್ದಾಣಗಳು ಲಾಹೋರ್, ಪೇಶಾವರ, ಢಾಕಾ ಮೂರೇ. ಆಗ ಕರಾಚಿಯಲ್ಲಿ ಆಲ್ ಇಂಡಿಯಾ ರೇಡಿಯೋ ನಿಲ್ದಾಣ ಇರಲಿಲ್ಲ. ಅದು ಹೊಸ ದೇಶದ ರಾಜಧಾನಿ ಆದ ಮೇಲೆ, 1948ರಲ್ಲಿ, ಅಲ್ಲಿ ದೊಡ್ಡ ನಿಲ್ದಾಣ ಬಂತು. ಕರಾಚಿ ಇರುವ ಡಯಲ್ ಪಾರ್ಟಿಷನ್‌ಗೆ ಮೊದಲಿನದಾಗಲು ಸಾಧ್ಯ ಇಲ್ಲ.

ಇನ್ನೊಂದು ಹೆಸರು ಗೆರೆಯನ್ನು ಇನ್ನೂ ಮುಂದಕ್ಕೆ ಎಳೆಯಿತು. ಬೊಂಬಾಯಿ ಮತ್ತು ಹೈದರಾಬಾದ್ ನಡುವೆ ಸಣ್ಣಕ್ಷರದಲ್ಲಿ ಧಾರವಾಡ, ಹಳೇ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಶಾರ್ಟ್ ವೇವ್ ಸಾಲಿನಲ್ಲೂ ಇದಕ್ಕೆ ಒಪ್ಪುವ ಒಂದು ಹೆಸರಿತ್ತು. ಇಂಡೋನೇಷ್ಯಾದ ರಾಜಧಾನಿಯನ್ನು ಡಚ್ಚರು ಬಟಾವಿಯಾ ಅನ್ನುತ್ತಿದ್ದರು. ಯುದ್ಧಕ್ಕೆ ಮೊದಲಿನ ಡಯಲ್‌ಗಳಲ್ಲಿ ಬಟಾವಿಯಾ ಅಂತಲೇ ಇರುತ್ತದೆ. 1949ರ ಕೊನೆಗೆ ಡಚ್ಚರು ಅಧಿಕಾರ ಬಿಟ್ಟ ಮೇಲೆ ಜಕಾರ್ತಾ ಅನ್ನುವ ಹೆಸರು ನೆಲೆಯಾಯಿತು. ಈ ಡಯಲ್‌ನಲ್ಲಿ ಇದ್ದದ್ದು ಜಕಾರ್ತಾ.

ಅಲ್ಲಿಗೆ ಒಂದು ಗೆರೆ ಗಟ್ಟಿಯಾಯಿತು. 1950ಕ್ಕಿಂತ ಹಿಂದಿನದಲ್ಲ.

ಇದಕ್ಕಿಂತ ಈಚಿನದಲ್ಲ ಅನ್ನುವ ಇನ್ನೊಂದು ಗೆರೆ ಎಳೆಯುವುದು ಇಷ್ಟು ಸಲೀಸಲ್ಲ. ಡಯಲ್ ಮೇಲೆ ಒಂದು ಹೆಸರು ಇದ್ದರೆ ಅದು ಪಕ್ಕಾ ಸಾಕ್ಷಿ, ಇಲ್ಲದ ನಿಲ್ದಾಣವನ್ನು ಯಾರೂ ಅಚ್ಚು ಹಾಕುವುದಿಲ್ಲ. (ಯೋಜನೆ ಘೋಷಣೆಯಾಗಿ ಇನ್ನೇನು ಶುರುವಾಗುತ್ತದೆ ಅನ್ನುವ ನಿಲ್ದಾಣವನ್ನು ಕೆಲವು ತಿಂಗಳು ಮೊದಲೇ ಹಾಕಿರಬಹುದು, ಅಷ್ಟೇ.) ಆದರೆ ಒಂದು ಹೆಸರು ಇಲ್ಲ ಅನ್ನುವುದು ಅಷ್ಟು ಗಟ್ಟಿ ಸಾಕ್ಷಿಯಲ್ಲ. ಜಾಗ ಸಾಲದೆ ಬಿಟ್ಟಿರಬಹುದು. ಆ ಊರಿನ ಟ್ರಾನ್ಸ್‌ಮಿಟರ್ ಸಣ್ಣದು ಅಂತ ಬಿಟ್ಟಿರಬಹುದು. ಹಳೇ ಅಚ್ಚಿನ ಗಾಜು ಗೋದಾಮಿನಲ್ಲಿ ಉಳಿದಿತ್ತು ಅಂತ ಅದನ್ನೇ ಹಾಕಿರಬಹುದು. ಪುಣೆ ಈ ಡಯಲ್‌ನಲ್ಲಿ ಇಲ್ಲ. ಪುಣೆ ನಿಲ್ದಾಣ ಬಂದದ್ದು 1953ರಲ್ಲಿ. ಅಷ್ಟಕ್ಕೇ ಇದು 1953ಕ್ಕಿಂತ ಹಿಂದಿನದು ಅಂತ ನಾನು ಹೇಳಲಾರೆ. ಬೊಂಬಾಯಿ ಹತ್ತಿರವೇ ಇರುವಾಗ ಪುಣೆಯನ್ನು ಬಿಡುವುದು ದೊಡ್ಡ ಮಾತಲ್ಲ.

ಬೆಂಗಳೂರು ಇಲ್ಲದಿರುವುದು ಬೇರೆ ವಿಷಯ. ಯಾಕೆಂದರೆ ಈ ಡಯಲ್‌ನಲ್ಲಿ ಮೈಸೂರು ಇದೆ. ಮೈಸೂರು ಆಕಾಶವಾಣಿಯನ್ನು 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ದೊಡ್ಡಪ್ಪ ಹೇಳಿದ ವರ್ಷ ಸರಿಯೇ. ಆದರೆ ಆ ನಿಲ್ದಾಣ ಒಂದೆರಡು ವರ್ಷಕ್ಕೆ ಮುಗಿಯಲಿಲ್ಲ. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಕೈಗೆ ಹೋಯಿತು, ಆಮೇಲೂ ಮೈಸೂರಿನಿಂದಲೇ ನಡೆಯಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲ್ದಾಣ ಶುರುವಾದಾಗ ಮೈಸೂರಿನದು ಅಲ್ಲಿಗೆ ಸೇರಿತು. ಅಂದರೆ ನಮ್ಮ ಕಡೆಯ ಗಿರಾಕಿಗಾಗಿ ಒಂದು ಹೆಸರು ಹಾಕಬೇಕು ಅಂತ ಕಂಪನಿ ಯೋಚಿಸಿದೆ, ಅದಕ್ಕೆ ಜಾಗ ಕೊಟ್ಟಿದೆ, ಆ ಜಾಗದಲ್ಲಿ ಮೈಸೂರು ಅಂತ ಬರೆದಿದೆ. 1955ರ ನಂತರ ಅಚ್ಚು ಹಾಕಿದ್ದರೆ ಅಲ್ಲಿ ಬೆಂಗಳೂರು ಇರಬೇಕಿತ್ತು. ಸುಮ್ನೆ ಬಿಟ್ಟುಹೋದ ಹೆಸರಿಗೂ, ಇನ್ನೊಂದು ಹೆಸರು ಅದರ ಜಾಗದಲ್ಲಿ ಕೂತಿರುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದಕ್ಕೆ ಜಾಸ್ತಿ ತೂಕ.

ಹಾಗಾಗಿ ಗಾಜು ಅಚ್ಚಾದದ್ದು 1950ರಿಂದ 1955ರ ಒಳಗೆ. ಗಾಜು ಅಂತ ಬೇಕೆಂದೇ ಹೇಳುತ್ತಿದ್ದೇನೆ. ಗಾಜು ಅಚ್ಚಾದ ವರ್ಷ, ರೇಡಿಯೋ ಜೋಡಿಸಿದ ವರ್ಷ, ಅಂಗಡಿಯಿಂದ ಮನೆಗೆ ಬಂದ ವರ್ಷ ಮೂರೂ ಒಂದೇ ಆಗಿರಬೇಕಾಗಿಲ್ಲ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಒಂದು ದುಬಾರಿ ರೇಡಿಯೋ ವರ್ಷಗಟ್ಟಲೆ ಕೂತಿದ್ದರೂ ಆಶ್ಚರ್ಯ ಇಲ್ಲ.

ಪೆಟ್ಟಿಗೆ

ಪೆಟ್ಟಿಗೆಯಿಂದ ವರ್ಷ ಹೇಳುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ದಶಕ ಹೇಳಬಹುದು. ಮೂವತ್ತರ ದಶಕದ ಮೊದಲ ಭಾಗದ ಮೇಜಿನ ರೇಡಿಯೋಗಳು ಹೆಚ್ಚಾಗಿ ಎತ್ತರಕ್ಕೆ ನಿಂತಿರುತ್ತವೆ. ಮೇಲೆ ಸ್ಪೀಕರ್, ಕೆಳಗೆ ಪುಟ್ಟ ಡಯಲ್. ಆಮೇಲೆ ಪೆಟ್ಟಿಗೆ ಅಡ್ಡಕ್ಕೆ ಮಲಗಿತು. ಒಂದು ಪಕ್ಕ ಸ್ಪೀಕರ್, ಇನ್ನೊಂದು ಪಕ್ಕ ಡಯಲ್. ಯುದ್ಧ ಮುಗಿದ ಮೇಲೆ ಡಯಲ್ ಕೆಳಗೆ ಉದ್ದಕ್ಕೆ ಚಾಚಿಕೊಂಡು, ಅದರ ಮೇಲಿನ ಜಾಗ ಪೂರ್ತಿ ಸ್ಪೀಕರ್ ಬಟ್ಟೆಗೆ ಸಿಕ್ಕಿತು. ಮೂಡಿಗೆರೆಯ ಪೆಟ್ಟಿಗೆ ಈ ಮೂರನೇ ಥರದ್ದು. ಪ್ಲೈವುಡ್ ಮೇಲೆ ತೆಳು ಮರದ ಹೊದಿಕೆ, ದುಂಡಗಿನ ಮೂಲೆಗಳು, ಎರಡೂ ಕಡೆ ನಾಬ್‌ಗಳು. ಮಳೆಗಾಲದ ತೇವಕ್ಕೆ ಎಡಗಡೆ ಕೆಳಗೆ ಹೊದಿಕೆ ಎದ್ದು ಬಂದಿದೆ, ಮಲೆನಾಡಿನ ಯಾವ ರೇಡಿಯೋ ನೋಡಿದರೂ ಅಲ್ಲೇ ಎದ್ದಿರುತ್ತದೆ.

ಬ್ಯಾಂಡ್ ಬದಲಿಸಲು ಇಲ್ಲಿ ನಾಬ್ ಇದೆ, ಪಿಯಾನೋ ಥರದ ಬಿಳಿ ಒತ್ತುಗುಂಡಿಗಳಿಲ್ಲ. ಆ ಗುಂಡಿಗಳು ಜನಪ್ರಿಯವಾದದ್ದು ಐವತ್ತರ ದಶಕದ ನಡುವಿನಿಂದ. ಆದರೆ ಇದೂ ಇಲ್ಲದಿರುವುದರ ಸಾಕ್ಷಿ. ಕಡಿಮೆ ಬೆಲೆಯ ರೇಡಿಯೋಗಳಲ್ಲಿ ನಾಬ್ ಆಮೇಲೂ ಇತ್ತು.

ಅದಕ್ಕಿಂತ ಚೆನ್ನಾಗಿ ಮಾತಾಡಿದ್ದು ಡಯಲ್‌ನ ನಡುವೆ ಇರುವ ಮ್ಯಾಜಿಕ್ ಐ. ನಿಲ್ದಾಣ ಸರಿಯಾಗಿ ಸಿಕ್ಕಿತಾ ಅಂತ ತೋರಿಸುವ ಹಸಿರು ದೀಪ ಅದು. ನಿಜಕ್ಕೂ ಅದೊಂದು ಸಣ್ಣ ವಾಲ್ವ್. ಹಳೇ ಥರದ್ದನ್ನು ತಲೆಯ ಕಡೆಯಿಂದ ನೋಡಬೇಕು, ಹಾಗಾಗಿ ಮುಂದಿನಿಂದ ದುಂಡಗೆ ಕಾಣುತ್ತದೆ, ನಡುವೆ ಕಪ್ಪು ಟೋಪಿ ಇರುತ್ತದೆ. ಮೂವತ್ತರ ದಶಕದ ನಡುವಿನಿಂದ ಐವತ್ತರ ದಶಕದ ಆರಂಭದವರೆಗೂ ಇದೇ ನಡೆಯಿತು. 1954ರ ಸುಮಾರಿಗೆ ಹೊಸದು ಬಂತು. ಅದರ ಬೆಳಕು ವಾಲ್ವಿನ ಬದಿಯಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಅದಕ್ಕಾಗಿ ಡಯಲ್‌ನಲ್ಲಿ ಉದ್ದನೆಯ ಕಿಂಡಿ ಬಿಡುತ್ತಾರೆ. ಈ ರೇಡಿಯೋದಲ್ಲಿ ದುಂಡನೆಯ ಕಿಂಡಿ, ಒಳಗೆ ಕಪ್ಪು ಟೋಪಿ ಕಾಣುವ ಕಣ್ಣು. ಡಯಲ್ ಹೆಸರುಗಳು ಕೊಟ್ಟ ಅವಧಿಗೆ ಸರಿ ಹೊಂದುತ್ತದೆ. ಅವಧಿಯ ಕೊನೆಗಿಂತ ಮೊದಲ ಭಾಗದ ಕಡೆಗೇ ಸ್ವಲ್ಪ ವಾಲುತ್ತದೆ.

ಅತಿಥಿಯನ್ನು ದಾರಿ ತಪ್ಪಿಸಿದ ಬಟ್ಟೆ

ಅರವತ್ತರ ದಶಕ ಅಂದ ಅತಿಥಿ ಪೂರಾ ಅಡ್ಡಾದಿಡ್ಡಿ ಹೇಳಿರಲಿಲ್ಲ. ಸ್ಪೀಕರ್ ಬಟ್ಟೆಯಲ್ಲಿ ಚಿನ್ನದ ಬಣ್ಣದ ಎಳೆಗಳು ಥಳಥಳ ಹೊಳೆಯುತ್ತಿದ್ದವು. ಇಂಥ ಹೊಳೆಯುವ ಎಳೆ ಲೋಹದ ಲೇಪ ಇರುವ ಪ್ಲಾಸ್ಟಿಕ್‌ನದು. ರೇಡಿಯೋಗಳಲ್ಲಿ ಇದು ಹೆಚ್ಚಾಗಿ ಕಾಣುವುದು ಐವತ್ತರ ದಶಕದ ಎರಡನೇ ಅರ್ಧ ಮತ್ತು ಅರವತ್ತರ ದಶಕದಲ್ಲಿ. ಬಟ್ಟೆ ಮಾತ್ರ ನೋಡಿದವರು ಅರವತ್ತು ಅಂದರೆ ತಪ್ಪು ಹೇಳಲಾಗದು. ಆದರೆ ಅದು ಆ ರೇಡಿಯೋದ ಮೂಲ ಬಟ್ಟೆಯೇ ಅಲ್ಲ.

ಅದನ್ನು ಫೋಟೊದಿಂದ ಹೇಗೆ ಹೇಳಬಹುದು? ಮೂರು ಗುರುತು ಕಂಡವು.

ಹಳೇ ಸ್ಪೀಕರ್ ಬಟ್ಟೆ ಒಂದು ಜರಡಿ ಇದ್ದ ಹಾಗೆ. ಸ್ಪೀಕರ್‌ನ ಕೋನ್ ಹಿಂದೆ ಮುಂದೆ ಆಡುವಾಗ ಗಾಳಿ ಬಟ್ಟೆಯ ಮೂಲಕ ಓಡಾಡುತ್ತದೆ, ಗಾಳಿಯ ದೂಳು ಬಟ್ಟೆಯಲ್ಲೇ ಉಳಿಯುತ್ತದೆ. ವರ್ಷಗಳು ಕಳೆದ ಹಾಗೆ ಸ್ಪೀಕರ್ ಎದುರಿನ ಜಾಗದಲ್ಲಿ ಒಂದು ದುಂಡನೆಯ ಅಥವಾ ಮೊಟ್ಟೆ ಆಕಾರದ ಕಪ್ಪು ಮಚ್ಚೆ ಮೂಡುತ್ತದೆ. ಹಿಂದೆ ಹಲಗೆ ಇರುವ ಕಡೆ ಬಟ್ಟೆ ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ಎದುರಿಗೆ ಕಾಣದಿದ್ದರೆ ಫೋಟೊವನ್ನು ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿದರೆ ಆ ಮಚ್ಚೆ ಸಾಮಾನ್ಯವಾಗಿ ಎದ್ದು ಬರುತ್ತದೆ. ನಾನು ಮಾಡಿ ನೋಡಿದೆ. ಇಲ್ಲಿ ಏನೂ ಬರಲಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಬಣ್ಣ. ಹಾಡಿದ ರೇಡಿಯೋದ ಬಟ್ಟೆ ಹೀಗೆ ಇರುವುದಿಲ್ಲ.

ಎರಡನೆಯದು ನೇಯ್ಗೆಯ ಸಾಲು. ಕಾರ್ಖಾನೆಯಲ್ಲಿ ಬಟ್ಟೆಯನ್ನು ಹಲಗೆಗೆ ಬಿಗಿದು ಅಂಟಿಸುವಾಗ ಎಳೆಗಳು ಡಯಲ್‌ಗೆ ಸಮಾನವಾಗಿ ನೇರ ಹೋಗುವ ಹಾಗೆ ನೋಡಿಕೊಳ್ಳುತ್ತಾರೆ. ಇಲ್ಲಿ ಎಡಗಡೆ ಡಯಲ್ ಪಕ್ಕ ಶುರುವಾದ ಚಿನ್ನದ ಎಳೆ ಬಲಗಡೆಗೆ ಬರುವಷ್ಟರಲ್ಲಿ ಒಂದು ಬೆರಳು ಮೇಲೇರಿತ್ತು. ಮನೆಯಲ್ಲೋ ಟೈಲರ್ ಹತ್ತಿರವೋ ಹಾಕಿಸಿದ್ದು.

ಮೂರನೆಯದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು. ಕಂಪನಿಯ ಹೆಸರಿನ ಬಿಲ್ಲೆ ಎಷ್ಟೋ ರೇಡಿಯೋಗಳಲ್ಲಿ ಬಟ್ಟೆಯ ಮೇಲೇ ಇರುತ್ತದೆ, ಅದರ ಹಿಂದಿನ ಸಣ್ಣ ಮೊಳೆಗಳು ಬಟ್ಟೆ ತೂರಿ ಹಲಗೆಗೆ ಇಳಿದಿರುತ್ತವೆ. ಹಿಂಬದಿಯ ರಟ್ಟು ತೆಗೆದು, ಹಲಗೆಯ ಒಳಮೈಯ ಫೋಟೊ ಕಳಿಸು ಅಂದೆ. ಬಲ ಮೇಲ್ಮೂಲೆಯಲ್ಲಿ ಪಕ್ಕಪಕ್ಕ ಎರಡು ಸಣ್ಣ ತೂತುಗಳಿದ್ದವು. ಬೆಳಕಿಗೆ ಹಿಡಿದರೂ ಅವುಗಳ ಎದುರಿನ ಬಟ್ಟೆಯಲ್ಲಿ ತೂತಿರಲಿಲ್ಲ. ಅಂದರೆ ಬಿಲ್ಲೆ ಹೋದ ಮೇಲೆ ಈ ಬಟ್ಟೆ ಬಂದಿದೆ. ಅಥವಾ ಬಟ್ಟೆ ಬದಲಿಸುವಾಗ ಬಿಲ್ಲೆ ತೆಗೆದವರು ಮತ್ತೆ ಹಾಕಲಿಲ್ಲ. ಕಂಪನಿಯ ಹೆಸರು ಎಲ್ಲೂ ಇಲ್ಲ ಅನ್ನುವುದಕ್ಕೂ ಇದೇ ಕಾರಣ.

ಇದನ್ನು ಹುಡುಗ ಮನೆಯಲ್ಲಿ ಓದಿ ಹೇಳಿದಾಗ ದೊಡ್ಡಮ್ಮ ನಕ್ಕರಂತೆ. “ಅಯ್ಯೋ, ಇಲಿ ಕಡಿದು ಹಾಳು ಮಾಡಿತ್ತು ಮಾರಾಯ. ಸೋಫಾಕ್ಕೆ ತಂದ ಬಟ್ಟೆ ಉಳಿದಿತ್ತು, ಅದನ್ನೇ ಹಾಕಿಸಿದ್ವಿ” ಅಂದರು. ಆಮೇಲೆ ಹಳೇ ಆಲ್ಬಮ್‌ನಿಂದ ಒಂದು ಮದುವೆ ಫೋಟೊ ಹುಡುಕಿ ಕೊಟ್ಟರು. ವಧೂವರರ ಹಿಂದೆ, ಕಪಾಟಿನ ಮೇಲೆ, ಇದೇ ರೇಡಿಯೋ. ಬಟ್ಟೆ ಮಂದ ಬಣ್ಣದ್ದು, ಹೊಳಪಿಲ್ಲ. ಬಲ ಮೇಲ್ಮೂಲೆಯಲ್ಲಿ ಬಿಳಿ ಚುಕ್ಕೆಯ ಹಾಗೆ ಏನೋ ಮಿಂಚುತ್ತಿದೆ. ಬಿಲ್ಲೆ ಇರಲೇಬೇಕು, ಆದರೆ ಓದಲಿಕ್ಕೆ ಆಗುವುದಿಲ್ಲ. ಫೋಟೊದ ಹಿಂದೆ ಸ್ಟುಡಿಯೋದವರು ಬರೆದ ವರ್ಷ 1956. ರೇಡಿಯೋ ಅರವತ್ತರ ದಶಕದ್ದಲ್ಲ ಅನ್ನುವುದಕ್ಕೆ ಇನ್ನು ಬೇರೆ ಮಾತು ಬೇಡ ಅಲ್ವಾ.

ಹಿಂಬದಿಯಿಂದ ಒಂದು ತಾಳೆ

ರಟ್ಟು ಹೇಗೂ ತೆಗೆಸಿದ್ದೆ. ಹಾಗಾಗಿ ವಾಲ್ವ್‌ಗಳ ಫೋಟೊವನ್ನೂ ಕೇಳಿದೆ. ಹೊರಗಿನ ನೋಟದಿಂದ ಹೇಳಿದ ವರ್ಷವನ್ನು ಒಳಗಿನ ನೋಟ ಒಪ್ಪುತ್ತದಾ ಅಂತ ನೋಡಬೇಕಿತ್ತು. ವಾಲ್ವ್ ಬದಲಾಗಿರಬಹುದು, ಅದರ ಸಾಕೆಟ್ ಸುಲಭಕ್ಕೆ ಬದಲಾಗುವುದಿಲ್ಲ.

ಯುದ್ಧಕಾಲದ ಆಸುಪಾಸಿನ ರೇಡಿಯೋಗಳಲ್ಲಿ ದಪ್ಪ ಬೇಕಲೈಟ್ ಬುಡದ, 8 ಕಾಲಿನ ವಾಲ್ವ್‌ಗಳು ಸಾಮಾನ್ಯ. ಐವತ್ತರ ದಶಕದ ನಡುವಿನಿಂದ ಬುಡವೇ ಇಲ್ಲದ, 9 ಸೂಜಿಕಾಲಿನ ತೆಳು ಗಾಜಿನ ವಾಲ್ವ್‌ಗಳು ಬಂದವು. ಇವೆರಡರ ನಡುವೆ ಸ್ವಲ್ಪ ಕಾಲ ಮಾತ್ರ ಓಡಿದ ಇನ್ನೊಂದು ಥರ ಇದೆ, ರಿಮ್‌ಲಾಕ್. ಪೂರ್ತಿ ಗಾಜು, 8 ಸೂಜಿಕಾಲು, ಬುಡದ ಬದಿಯಲ್ಲಿ ಒಂದು ಪುಟ್ಟ ಉಬ್ಬು. ಆ ಉಬ್ಬು ಸಾಕೆಟ್‌ನ ಕಚ್ಚಿಗೆ ಕೂರುತ್ತದೆ. ನಲವತ್ತರ ದಶಕದ ಕೊನೆಯಿಂದ ಐವತ್ತರ ದಶಕದ ನಡುವಿನವರೆಗಿನ ಹೊಸ ಮಾಡೆಲ್‌ಗಳಲ್ಲಿ ಇವು ಕಾಣುತ್ತವೆ. ಮೂಡಿಗೆರೆಯ ಫೋಟೊದಲ್ಲಿ ಮೂರು ವಾಲ್ವ್‌ಗಳ ಬುಡದಲ್ಲಿ ಆ ಉಬ್ಬು ಕಂಡಿತು. ಒಂದರ ಮೇಲೆ ಇಸಿಎಚ್ 42, ಇನ್ನೊಂದರ ಮೇಲೆ ಇಎಲ್ 41 ಅಂತ ಮಸುಕಾಗಿ ಓದಲಿಕ್ಕೂ ಆಯಿತು. ಎರಡೂ ರಿಮ್‌ಲಾಕ್ ಕುಟುಂಬದವು.

ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕವನ್ನೂ ಹುಡುಕಿಸಿದೆ. ಸಿಕ್ಕಿದ್ದು ಅರವತ್ತರ ದಶಕದ ಕೊನೆಯದು, ಉಪಯೋಗಕ್ಕೆ ಬರಲಿಲ್ಲ.

ಕೊನೆಗೆ ದೊಡ್ಡಮ್ಮನ ನೆನಪು ಉಳಿಯಿತು. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿರಲಿಲ್ಲ, ಅನ್ನಬೇಕಾಗಿಯೂ ಬರಲಿಲ್ಲ. ಈ ರೇಡಿಯೋ ಮನೆಯ ಕರೆಂಟಿನಲ್ಲಿ ನಡೆಯುವುದು, ಹಿಂದೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಹಾಗಾಗಿ ಅವರನ್ನು ಕೇಳಿಸಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಗೆ ಕರೆಂಟ್ ಯಾವಾಗ ಬಂತು? ಗಾಂಧೀಜಿ ಹೋದಾಗ ಮನೆಯಲ್ಲಿ ಕರೆಂಟ್ ಇರಲಿಲ್ಲ, ಲಾಟೀನು ಅಂದರು. ಮತ್ತೆ ಸುದ್ದಿ ಕೇಳಿದ್ದು ಎಲ್ಲಿ? ಪಕ್ಕದ ತೋಟದ ಬಂಗಲೆಯಲ್ಲಿ. ಅಲ್ಲಿ ಕಾರಿನ ಬ್ಯಾಟರಿಯಲ್ಲಿ ನಡೆಯುವ ರೇಡಿಯೋ ಇತ್ತು, ಅವತ್ತು ಊರವರೆಲ್ಲ ಅದರ ಮುಂದೆ ಸೇರಿದ್ದರು. ಕರೆಂಟ್ ಬರುವ ಮೊದಲು ಮಲೆನಾಡಿನ ತೋಟಗಳಲ್ಲಿ ಇಂಥ 6 ವೋಲ್ಟ್ ಬ್ಯಾಟರಿ ರೇಡಿಯೋಗಳು ಇದ್ದವು. ದೊಡ್ಡಮ್ಮ ಕೇಳಿದ್ದು ನಿಜ, ಇದರಲ್ಲಿ ಅಲ್ಲ ಅಷ್ಟೇ. ಮನೆಯಲ್ಲಿ ಒಂದೇ ರೇಡಿಯೋ ಉಳಿದಾಗ ಊರಿನ ರೇಡಿಯೋ ನೆನಪುಗಳೆಲ್ಲ ಅದರ ಮೇಲೇ ಬಂದು ಕೂರುತ್ತವೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ.

ಹುಡುಗನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಭಾರತದ ಮಾರುಕಟ್ಟೆಗೆ ಮಾಡಿದ, ಮನೆ ಕರೆಂಟಿನ ಮೇಜಿನ ರೇಡಿಯೋ. ಡಯಲ್ 1950ರಿಂದ 1955ರ ಒಳಗಿನದು, ಆ ಅವಧಿಯ ಮೊದಲ ಭಾಗದ್ದಾಗಿರುವ ಸಾಧ್ಯತೆ ಜಾಸ್ತಿ. 1956ಕ್ಕೆ ಮನೆಯಲ್ಲಿ ಇತ್ತು. ಸ್ಪೀಕರ್ ಬಟ್ಟೆ ಮೂಲದ್ದಲ್ಲ. ಬೋರ್ಡ್‌ಗೆ ‘1950ರ ದಶಕದ ಮೊದಲ ಭಾಗ’ ಅಂತ ಬರೆಸಿದರೆ ಸಾಕು. ಬ್ರಿಟಿಷರ ಕಾಲದ್ದು ಅನ್ನುವುದನ್ನು ತೆಗೆಯಲೇಬೇಕು.

ಬಟ್ಟೆ ಕಿತ್ತು ಹಳೇ ಥರದ್ದು ಹಾಕಿಸಲಾ ಅಂತ ಕೇಳಿದ. ಬೇಡ ಅಂದೆ. ಮೂಲ ಬಟ್ಟೆಯ ನೇಯ್ಗೆ ಯಾವುದು ಅಂತ ಮದುವೆ ಫೋಟೊದಿಂದ ಗೊತ್ತಾಗುವುದಿಲ್ಲ. ಅಂದಾಜಿಗೆ ಏನೋ ಹಾಕಿಸಿದರೆ ಮುಂದೆ ನೋಡುವವರಿಗೆ ಇನ್ನೊಂದು ಗೊಂದಲ. ಈಗಿರುವುದನ್ನು ಬಿಟ್ಟು, ಒಂದು ಚೀಟಿಯಲ್ಲಿ ‘ಬಟ್ಟೆ ಬದಲಾಗಿದೆ’ ಅಂತ ಬರೆದು ಪೆಟ್ಟಿಗೆಯೊಳಗೆ ಅಂಟಿಸಲು ಹೇಳಿದೆ. ಬಟ್ಟೆಯ ಅಂಚು ಎಂದಾದರೂ ಬಿಚ್ಚಿಕೊಂಡರೆ ಹಲಗೆಯ ಅಂಚಿನ ಅಂಟಿನಲ್ಲಿ ಹಳೇ ಬಟ್ಟೆಯ ಎಳೆಗಳು ಸಿಕ್ಕಿಕೊಂಡಿವೆಯಾ ನೋಡಬೇಕು. ಹೆಚ್ಚಿನ ಸಲ ನಾಲ್ಕೈದು ಎಳೆಯಾದರೂ ಉಳಿದಿರುತ್ತವೆ, ಮೂಲ ಬಣ್ಣ ಅದರಲ್ಲೇ ಗೊತ್ತಾಗುತ್ತದೆ.

ಕಂಪನಿ ಯಾವುದು ಅನ್ನುವುದು ಇನ್ನೂ ಬಾಕಿ. ಡಯಲ್ ಗಾಜಿನ ಕೆಳಅಂಚಿನ ಸಂಕೇತದಲ್ಲಿ ಮೊದಲ ಅಕ್ಷರಗಳು ಪೆಟ್ಟಿಗೆಯ ಚೌಕಟ್ಟಿನ ಹಿಂದೆ ಹೋಗಿವೆ, ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತವೆ. ಪೂರ್ತಿ ಓದಬೇಕಾದರೆ ಕೆಳಗಿನ ತಿರುಪುಗಳನ್ನು ಬಿಚ್ಚಿ ಒಳಗಿನ ಷಾಸಿಯನ್ನು ಹೊರಗೆ ಎಳೆಯಬೇಕು. ತೇವಕ್ಕೆ ಉಬ್ಬಿದ ಪ್ಲೈವುಡ್‌ನಿಂದ ಮಳೆಗಾಲದಲ್ಲಿ ಅದನ್ನು ಎಳೆಯಲು ಹೋದರೆ ಗಾಜು ಒಡೆಯುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಮರ ಒಣಗಿದ ಮೇಲೆ ಮಾಡೋಣ ಅಂದಿದ್ದೇನೆ.